ಅರ್ಧ ಲೀಟರ್ ಪ್ಯಾಕೆಟ್ ಪೂರ್ತಿ

ಸ್ಟುಡಿಯೋದಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎದುರಿಗೆ ಎಲ್ಲರೂ ‘ಅಮ್ಮಾ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಐದು ಎಂಎಲ್’ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಯಾರೋ ತಮ್ಮ ಚಹಾಕ್ಕೆ ಒಂದು ಚಮಚ ಸಕ್ಕರೆ ಸಾಕು ಎಂದಾಗ, ಯಾವ ಚಮಚ, ಐದು ಎಂಎಲ್‌ದೋ ಹದಿನೈದರದೋ ಎಂದು ಗಂಭೀರವಾಗಿ ಕೇಳಿಬಿಟ್ಟಿದ್ದಳು. ಹೆಸರು ಆ ಗಳಿಗೆಯಲ್ಲೇ ಅಂಟಿಕೊಂಡಿತು. ಆಕೆಗೂ ಗೊತ್ತಿತ್ತು; ಬೇಸರವೇನೂ ಇರಲಿಲ್ಲ. ತಪ್ಪು ಅಳತೆಯ ಹೆಸರಿಗಿಂತ ಸರಿಯಾದ ಅಳತೆಯ ಹೆಸರು ಮೇಲು ಎಂದು ಆಕೆಯ ಲೆಕ್ಕ.

ಇದಕ್ಕೆ ಹಿನ್ನೆಲೆಯೂ ಇದೆ. ಮೂವತ್ತೊಂದು ವರ್ಷ ಆಕೆ ಔಷಧಿ ಕಂಪನಿಯೊಂದರಲ್ಲಿ ಚೀಟಿ ಬರೆಯುವ ಕೆಲಸ ಮಾಡಿದ್ದಳು. ಡಬ್ಬಿಯೊಳಗೆ ಎಂಟು ಮಡಿಕೆ ಮಡಿಸಿ ಇಟ್ಟಿರುತ್ತಾರಲ್ಲ, ಇರುವೆ ಸಾಲಿನಂತಹ ಅಕ್ಷರದ ಕಾಗದ, ಅದರ ಕನ್ನಡ ಆಕೆಯದು. ‘ಬಳಸುವ ಮುನ್ನ ಚೆನ್ನಾಗಿ ಕುಲುಕಿ’, ‘ಮಕ್ಕಳ ಕೈಗೆ ಸಿಗದಂತೆ ಇಡಿ’, ‘ಐದು ಎಂಎಲ್, ದಿನಕ್ಕೆ ಮೂರು ಸಲ’. ಅಲ್ಲಿ ಒಂದು ಚುಕ್ಕಿ ಆಚೀಚೆಯಾದರೆ ಜೀವಕ್ಕೇ ಕುತ್ತು. ಹಾಗಾಗಿ ‘ಸ್ವಲ್ಪ’, ‘ಸಾಕಷ್ಟು’, ‘ಹದವಾಗಿ’ ಎಂಬ ಪದಗಳನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಅಷ್ಟು ಜತನದಿಂದ ಬರೆದದ್ದನ್ನು ಯಾರು ಓದಿದರೆಂದು ಮಾತ್ರ ಕೇಳಬಾರದು. ಡಬ್ಬಿಯ ಜೊತೆ ಚೀಟಿಯೂ ಕಸದ ಬುಟ್ಟಿಗೆ. ಸ್ವಂತ ಯಜಮಾನರೇ ಗುಳಿಗೆ ನುಂಗಿ ಆ ಚೀಟಿಯಲ್ಲಿ ಕನ್ನಡಕ ಒರೆಸುವುದನ್ನು ಆಕೆ ಕಣ್ಣಾರೆ ಕಂಡಿದ್ದಳು.

ನಿವೃತ್ತಿಯಾದ ಮೇಲೆ ಈ ಸ್ಟುಡಿಯೋ ಸಿಕ್ಕಿತು. ದರ್ಜಿ ಅಂಗಡಿಯ ಮೇಲಿನ ಮೂರು ಕೋಣೆ. ಒಂದರ ಗೋಡೆಗೆಲ್ಲ ಸದ್ದು ಹೀರಲೆಂದು ಹಳೆಯ ರಜಾಯಿ ಹೊಡೆದಿದ್ದರು. ಕೆಳಗಿನ ಹೊಲಿಗೆ ಯಂತ್ರಗಳು ನಿಂತಾಗ ಮಾತ್ರ ಧ್ವನಿಮುದ್ರಣ. ಬೇರೆ ಬೇರೆ ದೇಶದ ಅಡುಗೆ ವಿಡಿಯೋಗಳನ್ನು ತಂದು, ಪರದೆಯ ಮೇಲಿನ ಬರಹವನ್ನೂ ಹಿನ್ನೆಲೆಯ ಮಾತನ್ನೂ ಕನ್ನಡಕ್ಕೆ ತಿರುಗಿಸುವುದು ಇಲ್ಲಿನ ಕಸುಬು. ಬರೆಯುವವಳು ಈಕೆ. ಚಿತ್ರಕ್ಕೆ ತಕ್ಕಂತೆ ಎಲ್ಲವನ್ನೂ ಕೂರಿಸುವವನು ‘ಕತ್ತರಿ’ ಎಂಬ ಅಡ್ಡಹೆಸರಿನ ಸಂಕಲನಕಾರ. ನಡೆಸುವವಳು ನಲವತ್ತು ದಾಟಿದ, ನಗುನಗುತ್ತಲೇ ಕೆಲಸ ತೆಗೆಯುವ ಒಡತಿ.

ಆಕೆಗೆ ಈ ಕೆಲಸ ಹುಚ್ಚಿನಂತೆ ಹಿಡಿಸಿತು. ಕಾರಣ ಸರಳ. ಇಲ್ಲಿ ‘ಸುರಿಯಿರಿ’ ಎಂದು ಬರೆದರೆ ಎಲ್ಲೋ ಒಂದು ಮನೆಯಲ್ಲಿ ಯಾರೋ ಸುರಿಯುತ್ತಾರೆ. ‘ಮುಚ್ಚಿ’ ಎಂದರೆ ಮುಚ್ಚುತ್ತಾರೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆಯ ಬರಹಕ್ಕೆ ಮೊದಲ ಸಲ ಕೈಕಾಲು ಬಂದಿದ್ದವು.

ಆ ಕೈಕಾಲುಗಳು ಮುರಿದದ್ದು ಹಾಲು ಮೊಟ್ಟೆಯ ಒಂದು ಸಿಹಿಯಿಂದ. ತಳದಲ್ಲಿ ಕರಗಿಸಿದ ಸಕ್ಕರೆಯ ಪಾಕ, ಮೇಲೆ ಹಾಲು, ಮೊಟ್ಟೆ ಕದಡಿ ಬೇಯಿಸಿದ ಗಟ್ಟಿ ಕೆನೆ. ತಣ್ಣಗಾದ ಮೇಲೆ ತಟ್ಟೆಗೆ ಬೋರಲು ಹಾಕಿದರೆ ನಡುಗುತ್ತ ಇಳಿದು ನಿಲ್ಲಬೇಕು. ಆಕೆ ಅದನ್ನು ಚಾಚೂ ತಪ್ಪದೆ ಕನ್ನಡಕ್ಕೆ ತಂದಿದ್ದಳು. ಮೂಲದ ಎರಡು ಕಪ್ ಹಾಲು ‘ಕಪ್ ಒಂದಕ್ಕೆ ಇನ್ನೂರ ಮೂವತ್ತೇಳು ಎಂಎಲ್’ ಆಗಿತ್ತು. ಓವನ್‌ನ ಮುನ್ನೂರ ಇಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟನ್ನು ನೂರ ಅರವತ್ತಮೂರು ಸೆಲ್ಸಿಯಸ್ ಎಂದು ಬದಲಿಸಿದ್ದಳು. ಮೊಟ್ಟೆಗಳನ್ನು, ಅಭ್ಯಾಸ ಬಲ ನೋಡಿ, ‘ಚೆನ್ನಾಗಿ ಕುಲುಕಿ’ ಎಂದು ಬರೆದು, ಒಡತಿ ನಕ್ಕ ಮೇಲೆ ‘ಮಿಶ್ರಣ ಮಾಡಿ’ ಎಂದು ತಿದ್ದಿದ್ದಳು. ಸಕ್ಕರೆ ಪಾಕಕ್ಕೆ ‘ಮಧ್ಯಮ ಉರಿ, ಎಂಟು ನಿಮಿಷ’. ಒಂದು ಅಂಕಿಯೂ ತಪ್ಪಿರಲಿಲ್ಲ.

ವಿಡಿಯೋ ಹೊರಬಿದ್ದ ವಾರದಲ್ಲಿ ಪ್ರತಿಕ್ರಿಯೆಗಳ ಸುರಿಮಳೆಯಾಯಿತು. ರಬ್ಬರ್ ಆಯಿತು ಎಂದು ಅರ್ಧ ಜನ. ನೀರಾಯಿತು ಎಂದು ಉಳಿದರ್ಧ. ಒಬ್ಬಾಕೆ ತನ್ನ ಸುಟ್ಟ ಪಾತ್ರೆಯ ಚಿತ್ರವನ್ನೇ ಹಾಕಿ, ಇದನ್ನು ಉಜ್ಜಲು ಯಾರನ್ನು ಕಳಿಸುತ್ತೀರಿ ಎಂದು ಕೇಳಿದ್ದಳು. ಇನ್ನೊಬ್ಬರು, ನಮ್ಮ ಮನೆಯಲ್ಲಿ ನೂರ ಅರವತ್ತಮೂರು ಎಂದರೆ ಬಸ್ಸಿನ ನಂಬರು ಎಂದು ಬರೆದಿದ್ದರು.

ಒಡತಿ ವಿಡಿಯೋ ತೆಗೆದುಹಾಕಿದಳು. ನಗು ಬಿಡದೆಯೇ ಆಕೆಯನ್ನು ಕೂರಿಸಿಕೊಂಡು ವಿಷಯ ಹೇಳಿದಳು. ಇನ್ನೂ ಮೂವತ್ತಾರು ವಿಡಿಯೋ ಬಾಕಿ ಇವೆ. ಇದನ್ನು ಒಂದು ವಾರದಲ್ಲಿ ಹೊಸದಾಗಿ ಬರೆಯಬೇಕು. ಅಡುಗೆಯೇ ಗೊತ್ತಿಲ್ಲದ ಒಬ್ಬರು, ಯಾರನ್ನೂ ಏನೂ ಕೇಳದೆ, ಬರೀ ವಿಡಿಯೋ ಹಾಕಿಕೊಂಡು ಮನೆಯ ಅಡುಗೆಮನೆಯಲ್ಲಿ ಮಾಡಬೇಕು. ಬಂದರೆ ಸರಿ. ಬರದಿದ್ದರೆ ಮಿಕ್ಕಿದ್ದನ್ನೆಲ್ಲ ಯಂತ್ರದಿಂದ ಅನುವಾದ ಮಾಡಿಸಿ ಮೇಲೆ ಮೇಲೆ ತಿದ್ದಿಸುತ್ತೇನೆ ಎಂದಳು. ಆಕೆ ಒಂದಂಕಿಯೂ ತಪ್ಪಿಲ್ಲ ಎಂದು ವಾದಿಸಿದಳು. ತಪ್ಪಿಲ್ಲದಿರುವುದೇ ತಮಾಷೆ ಎಂದಳು ಒಡತಿ.

ಮನೆಗೆ ಬಂದವಳ ಮುಖ ನೋಡಿ ಯಜಮಾನರು ಏನಾಯಿತೆಂದು ಕೇಳಿದರು. ಅವರು ಬಸ್ ನಿಲ್ದಾಣದಲ್ಲಿ ಮೂವತ್ತನಾಲ್ಕು ವರ್ಷ ವೇಳೆ ಬರೆಯುವ ಗುಮಾಸ್ತರಾಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಗುರುತು ಹಾಕುವುದು ಅವರ ಕೆಲಸ. ಬರೆದದ್ದನ್ನು ಬರೆದಂತೆಯೇ ಮಾಡುವ ಜೀವ. ಒಲೆಯ ಮೇಲೆ ನೀರು ಕಾಯಿಸುವುದು ಬಿಟ್ಟರೆ ಅಡುಗೆಮನೆಯಲ್ಲಿ ಅವರಿಗೆ ತಿಳಿದದ್ದು ಡಬ್ಬಿಗಳ ಮುಚ್ಚಳ ತೆಗೆದು ಇಣುಕುವುದೊಂದೇ. ಇಂಥವರಿಗಿಂತ ಒಳ್ಳೆಯ ಪರೀಕ್ಷಕರು ಬೇಕೆ? ಕತೆಯನ್ನೆಲ್ಲ ಕೇಳಿದ ಅವರು, ಮೊದಲು ಹಳೆಯದನ್ನೇ ಒಂದು ಕೈ ನೋಡೋಣ ಎಂದು ಏಪ್ರನ್ ಕಟ್ಟಿಕೊಂಡರು. ಗಂಟು ಹಿಂದೆ ಹಾಕಬೇಕೋ ಮುಂದೆಯೋ ಎಂದು ಕೇಳಿದರು. ಪರೀಕ್ಷೆಯಲ್ಲಿ ಪ್ರಶ್ನೆಗೆ ಅವಕಾಶವಿಲ್ಲ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದಳು.

ಹಳೆಯ ವಿಡಿಯೋದ ಪ್ರತಿ ಇದ್ದ ಆಕೆಯ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅವರು ಶುರು ಮಾಡಿದರು. ಕೈಗಡಿಯಾರ ಬಿಚ್ಚಿ ಒಲೆಯ ಪಕ್ಕ ಇಟ್ಟುಕೊಂಡರು. ಬಾಣಲೆಯಲ್ಲಿ ಸಕ್ಕರೆ, ನೀರು. ‘ಪಾತ್ರೆಯನ್ನು ತಿರುಗಿಸಿ’ ಎಂದು ಫೋನು ಹೇಳಿತು. ಅವರು ಹಿಡಿಕೆ ಹಿಡಿದು ಬಾಣಲೆಯನ್ನು ಬಸ್ಸಿನ ಸ್ಟೇರಿಂಗಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ಒಳಗಿನ ಸಕ್ಕರೆ ಕದಲದೆ ಕೂತಲ್ಲೇ ಕೂತಿತ್ತು. ನಾಲ್ಕು ನಿಮಿಷಕ್ಕೆ ಬಂಗಾರದ ಬಣ್ಣ ಬಂತು. ಐದಕ್ಕೆ ಒಳ್ಳೆಯ ಪರಿಮಳ. ಆರಕ್ಕೆ ಹೊಗೆ. ಬಾಗಿಲಲ್ಲಿ ನಿಂತ ಆಕೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಯಜಮಾನರು ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಎಂಟು ನಿಮಿಷ ತುಂಬಿದ ಮೇಲೆಯೇ, ಬಸ್ಸು ಬಿಡಲು ಸೀಟಿ ಊದುವವರ ಠೀವಿಯಲ್ಲಿ, ಒಲೆ ಆರಿಸಿದರು. ಬಾಣಲೆಯಲ್ಲಿದ್ದದ್ದು ರಸ್ತೆಗೆ ಹಾಕುವ ಡಾಂಬರು.

“ಮೂಗು ಇಲ್ವಾ ನಿಮಗೆ? ಹೊಗೆ ಬರ್ತಿರೋದು ಕಾಣ್ಲಿಲ್ವಾ?” ಎಂದಳು ಆಕೆ.

“ಎಂಟು ನಿಮಿಷ ಅಂತ ಬರ್ದಿದ್ದೋಳು ನೀನು. ಮೂಗಿನ ವಿಷಯ ಎಲ್ಲೂ ಬರ್ದಿಲ್ವಲ್ಲೇ” ಎಂದರು ಅವರು. ಆಮೇಲೆ ಬಾಣಲೆಗೆ ನೀರು ಬಿಟ್ಟು, ತಮ್ಮಷ್ಟಕ್ಕೆ ಎಂಬಂತೆ ಕೇಳಿದರು: “ಅಲ್ಲ, ಇಷ್ಟು ವರ್ಷ ನಂಗೆ ಅಡುಗೆ ಮಾಡಿ ಹಾಕಿದ್ಯಲ್ಲ, ಒಂದಿನ ಆದ್ರೂ ಗಡಿಯಾರ ನೋಡಿದ್ಯಾ?”

ಆಕೆ ಒಂದು ದಿನವೂ ನೋಡಿರಲಿಲ್ಲ. ಈರುಳ್ಳಿ ಬಾಡಿದ್ದನ್ನು ವಾಸನೆಯಿಂದ ತಿಳಿಯುತ್ತಿದ್ದಳು, ಎಣ್ಣೆ ಕಾದದ್ದನ್ನು ಸದ್ದಿನಿಂದ. ಮನೆಯ ಅಡುಗೆಯಲ್ಲಿ ಒಂದು ಸಲವೂ ಐದು ಎಂಎಲ್ ಅಳೆದವಳಲ್ಲ. ಒಲೆಯ ಮುಂದೆ ಒಬ್ಬಳಾಗಿ, ಮೇಜಿನ ಮುಂದೆ ಇನ್ನೊಬ್ಬಳಾಗಿ ಇಷ್ಟು ಕಾಲ ನಡೆಸಿಬಿಟ್ಟಿದ್ದಳು. ಅದನ್ನು ಈ ಮನುಷ್ಯನಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಆಕೆಗೆ ಮೈಯೆಲ್ಲ ಉರಿದುಹೋಯಿತು.

ಉರಿ ಇಳಿದ ಮೇಲೆ ತಲೆ ಓಡಿತು. ಕೆಮ್ಮಿನ ಔಷಧಿಯ, ಗೆರೆ ಹಾಕಿದ ಪುಟ್ಟ ಮುಚ್ಚಳವನ್ನು ತೊಳೆದು ತಂದು ಮನೆಯ ಕಪ್ಪುಗಳನ್ನೂ ಲೋಟಗಳನ್ನೂ ಸಾಲಾಗಿ ಇಟ್ಟುಕೊಂಡು ಕೂತಳು. ನೀರು ಹೊಯ್ಯುವುದು, ಎಣಿಸುವುದು. ದಿನನಿತ್ಯದ ಚಹಾ ಕಪ್ಪು ನೂರ ನಲವತ್ತು. ನೆಂಟರು ಬಂದಾಗ ತೆಗೆಯುವ ಹೂವಿನ ಕಪ್ಪು ನೂರ ಎಂಬತ್ತು. ಸ್ಟೀಲ್ ಲೋಟ ಮುನ್ನೂರು. ಇನ್ನೂರ ಮೂವತ್ತೇಳರ ಕಪ್ಪು ಮನೆಯಲ್ಲಿ ಒಂದೂ ಇರಲಿಲ್ಲ. ಯಾರ ಮನೆಯಲ್ಲಿ ಇದ್ದೀತು? ಚಹಾ ಕಪ್ಪಿನವರು ನಾಲ್ಕು ಮೊಟ್ಟೆಗೆ ಇನ್ನೂರ ಎಂಬತ್ತು ಎಂಎಲ್ ಹಾಲು ಹಾಕಿದ್ದರು, ಅದಕ್ಕೇ ರಬ್ಬರ್. ಲೋಟದವರು ಆರುನೂರು ಹೊಯ್ದಿದ್ದರು, ಅದಕ್ಕೇ ನೀರು. ಎಲ್ಲವೂ ಕಪ್ಪಿನಲ್ಲೇ ಇದ್ದರೆ ಯಾವ ಕಪ್ಪಾದರೂ ಹೊಂದಿಕೊಂಡು ಹೋಗುತ್ತಿತ್ತು. ಮೊಟ್ಟೆ ಮಾತ್ರ ಕಪ್ಪಿನ ಮಾತು ಕೇಳುವುದಿಲ್ಲ. ಅದು ನಾಲ್ಕೆಂದರೆ ನಾಲ್ಕೇ.

ಹಾಗಾದರೆ ಎಲ್ಲರ ಮನೆಯಲ್ಲೂ ಒಂದೇ ಆಗಿರುವ ಅಳತೆ ಯಾವುದು? ಫ್ರಿಜ್ ತೆಗೆದಾಗ ಉತ್ತರ ಎದುರಿಗೇ ಮಲಗಿತ್ತು. ಹಾಲಿನ ಪ್ಯಾಕೆಟ್. ಮೇಲೆ ದಪ್ಪ ಅಕ್ಷರದಲ್ಲಿ ಐನೂರು ಎಂಎಲ್. ‘ಅರ್ಧ ಲೀಟರ್ ಪ್ಯಾಕೆಟ್ ಪೂರ್ತಿ’ ಎಂದು ಬರೆದರೆ ಮುಗಿಯಿತು; ಕಪ್ಪೂ ಬೇಡ, ಲೋಟವೂ ಬೇಡ. ಮುಗಿಯಿತು ಎಂದುಕೊಂಡವಳಿಗೆ ಬರೆಯಲು ಕೈ ಬರಲಿಲ್ಲ. ಎರಡು ಕಪ್ಪೆಂದರೆ ನಾನೂರ ಎಪ್ಪತ್ತನಾಲ್ಕು. ಇಪ್ಪತ್ತಾರು ಎಂಎಲ್ ಹೆಚ್ಚು! ಔಷಧಿಯಾಗಿದ್ದರೆ ಐದು ಹೊತ್ತಿನದು. ಒಡತಿಗೆ ಫೋನು ಮಾಡಿ ಇದನ್ನು ಅರ್ಧ ಗಂಟೆ ತೋಡಿಕೊಂಡಳು. ಒಡತಿ ಕೊನೆಗೆ, ಇದನ್ನು ತಿಂದವರು ಸಾಯುವುದಿಲ್ಲ ಅಮ್ಮಾ, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ ಎಂದಳು. ವೆನಿಲ್ಲಾವನ್ನು ಔಷಧಿ ಮುಚ್ಚಳದಲ್ಲಿ ಅಳೆಯಲು ಹೇಳೋಣವೇ ಎಂಬ ಆಕೆಯ ಸಲಹೆಯನ್ನು ಮಾತ್ರ, ಸಿಹಿಗೆ ಕೆಮ್ಮಿನ ಔಷಧಿಯ ವಾಸನೆ ಬಂದರೆ ಯಾರು ಹೊಣೆ ಎಂದು ತಳ್ಳಿಹಾಕಿದಳು. ಅದು ‘ಚಹಾ ಚಮಚದಲ್ಲಿ ಒಂದು’ ಎಂದಾಯಿತು. ಹಾಲಿಗೆ ಬೀಳುವ ಸಕ್ಕರೆ ‘ಊಟದ ಚಮಚದಲ್ಲಿ ಐದು, ಅಂಚಿಗೆ ಸಮನಾಗಿ’.

ಮರುದಿನದಿಂದ ಕತ್ತರಿಯ ಜೊತೆ ಜಟಾಪಟಿ. ಪರದೆಯ ಮೇಲೆ ಮೂಲ ಬರಹ ಚಿತ್ರದಲ್ಲೇ ಅಚ್ಚಾಗಿರುತ್ತದೆ. ಅದರ ಮೇಲೆ ಬಣ್ಣದ ಪಟ್ಟಿ ಎಳೆದು ಕನ್ನಡ ಕೂರಿಸಬೇಕು. ಪಟ್ಟಿಗೆ ಎರಡೇ ಸಾಲು, ನಿಲ್ಲುವುದು ಮೂರೇ ಸೆಕೆಂಡು. ಮಾತಿಗೂ ಅಷ್ಟೇ: ಚಿತ್ರದ ಕೈ ಸುರಿದು ಮುಗಿಸುವುದರೊಳಗೆ ಸುರಿಯುವ ಮಾತು ಮುಗಿಯಬೇಕು. ಆಕೆ ಅಂಕಿ, ಬಣ್ಣ, ವಾಸನೆ, ಎಚ್ಚರಿಕೆ ಎಲ್ಲವನ್ನೂ ಪಟ್ಟಿಗೂ ತುಂಬಿದಳು, ಮಾತಿಗೂ ತುಂಬಿದಳು. ಕತ್ತರಿ ಓದಿ ನೋಡಿ, ಇದನ್ನು ಹೇಳಿ ಮುಗಿಸುವಷ್ಟರಲ್ಲಿ ತಿಂದು ಕೈ ತೊಳೆದಿರುತ್ತಾರೆ ಎಂದ.

ಈ ಗಂಟು ಬಿಡಿಸಿದ್ದು ಮತ್ತೆ ಆ ಡಾಂಬರಿನ ದಿನವೇ. ಯಜಮಾನರು ಫೋನಿನ ಪರದೆಯನ್ನು ಯಾವಾಗ ನೋಡಿದ್ದರು ಎಂದು ಆಕೆ ನೆನಪು ಮಾಡಿಕೊಂಡಳು. ಸಾಮಾನು ತೆಗೆದಿಡುವಾಗ ನೋಡಿದ್ದರು. ಒಲೆ ಹೊತ್ತಿದ ಮೇಲೆ ಒಂದು ಸಲವೂ ಇಲ್ಲ. ಕಿವಿಯೊಂದೇ ಫೋನಿನ ಕಡೆಗಿತ್ತು. ಎಷ್ಟು ಎಂಬುದು ಕಣ್ಣಿಗೆ ಬೇಕು, ಯಾವಾಗ ಎಂಬುದು ಕಿವಿಗೆ. ಅಂಕಿಯೆಲ್ಲ ಪಟ್ಟಿಗೆ ಹೋಯಿತು, ಗುರುತುಗಳೆಲ್ಲ ಮಾತಿಗೆ ಬಂದವು. ಓವನ್ ಕಾಣುವ ಕಡೆ ಪಟ್ಟಿಯಲ್ಲಿ ‘ಓವನ್ ಇಲ್ಲದಿದ್ದರೆ: ನೀರು ಹಾಕಿದ ಮುಚ್ಚಳದ ಪಾತ್ರೆ, ಸಣ್ಣ ಉರಿ, ಸುಮಾರು ಮೂವತ್ತೈದು ನಿಮಿಷ’ ಎಂದಿಟ್ಟರು. ‘ಸುಮಾರು’ ಎಂದು ಬರೆದ ದಿನ ಆಕೆ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ.

ಮಾತು ಮಾತ್ರ ನೀರಿನಂತೆ ಹರಿಯಿತು. ‘ಮಿಶ್ರಣ ಮಾಡಿ’ ಎಂಬುದನ್ನು ಹುಡುಕಿ ಹುಡುಕಿ ಕಿತ್ತಳು. ಅದು ಒಂಬತ್ತು ಕಡೆ ಇತ್ತು, ಒಂಬತ್ತು ಕಡೆಯೂ ಬೇರೆ ಬೇರೆ ಕೆಲಸ. ಮೊಟ್ಟೆಯನ್ನು ನೊರೆ ಏಳದ ಹಾಗೆ ಕದಡಿ. ಬಿಸಿ ಹಾಲನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕೈಯಾಡಿಸುತ್ತಲೇ ಇರಿ, ಒಮ್ಮೆಲೇ ಸುರಿದರೆ ಮೊಟ್ಟೆ ಬೆಂದು ಗಂಟಾಗುತ್ತದೆ. ಜರಡಿಯಲ್ಲಿ ಸೋಸಿ. ಪಾಕಕ್ಕೆ ಸೌಟು ಹಾಕಬೇಡಿ, ಹಿಡಿಕೆ ಹಿಡಿದು ಬಾಣಲೆಯನ್ನೇ ಮೆಲ್ಲಗೆ ಓಲಾಡಿಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಆವಿಯ ನೀರು ಮೇಲೆ ತೊಟ್ಟಿಕ್ಕಬಾರದು. ಕೆಳಗಿನ ನೀರು ಕುದ್ದು ಕುಣಿಯಬಾರದು, ಗುಳುಗುಳು ಎಂದರೆ ಸಾಕು. ಪರೀಕ್ಷೆಗೆಂದು ಈ ಮಾತುಗಳನ್ನು ಆಕೆಯ ದನಿಯಲ್ಲೇ ಹಿಡಿದರು. ಆಮೇಲೆ ದನಿ ಕೊಡುವ ಕಲಾವಿದೆ ಬಂದು ಹೇಳುವುದು ಪದ್ಧತಿ.

ಪರೀಕ್ಷೆಯ ದಿನ ಒಡತಿಯೇ ಮನೆಗೆ ಬಂದಳು. ಆಕೆಯನ್ನು ನಡುಮನೆಯಲ್ಲಿ ಕೂರಿಸಿ, ತುಟಿ ಪಿಟಕ್ಕೆನ್ನಕೂಡದು ಎಂದಳು. ಒಳಗೆ ಯಜಮಾನರು, ಫೋನು, ಒಲೆ. ಇಲ್ಲಿ ಕೂತ ಹೆಂಡತಿ ಮೌನ, ಅಲ್ಲಿ ಸಕ್ಕರೆ ಡಬ್ಬಿಗೊರಗಿದ ಹೆಂಡತಿ ಒಂದೇ ಸಮನೆ ಮಾತು. ಮದುವೆಯಾದಾಗಿನಿಂದ ಆಕೆ ಇಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ. ಬಾಣಲೆ ಸದ್ದಾದಾಗಲೆಲ್ಲ ಕುರ್ಚಿಯ ಅಂಚು ಹಿಡಿದುಕೊಳ್ಳುತ್ತಿದ್ದಳು. ಒಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಫೋನಿನ ದನಿ ಹೇಳಿತು: “ಈಗ ಗಡಿಯಾರ ಬಿಡಿ, ಬಣ್ಣ ನೋಡಿ. ಜೇನಿನ ಬಣ್ಣ ಬಂದ ಕೂಡ್ಲೇ ಇಳಿಸಿಬಿಡಿ. ಇಳಿಸಿದ ಮೇಲೂ ಅದು ಕಪ್ಪಾಗ್ತಾ ಹೋಗುತ್ತೆ.”

ಒಳಗೆ ಏನೋ ಸಣ್ಣಗೆ ಟಕ್ಕೆಂದಿತು. ಒಲೆ ಆರಿತ್ತು. ಆಕೆ ಗೋಡೆ ಗಡಿಯಾರ ನೋಡಿದಳು: ಐದು ನಿಮಿಷವೂ ಆಗಿರಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸುಗಳನ್ನು ಗಡಿಯಾರಕ್ಕೆ ಕಟ್ಟಿಹಾಕಿದ ಮನುಷ್ಯ ಆಕೆಯ ಒಂದು ಮಾತಿಗೆ ಗಡಿಯಾರ ಬಿಟ್ಟಿದ್ದರು. ಆಕೆಗೆ ಅವರ ಮೇಲೆ ಬಂದ ಪ್ರೀತಿಯನ್ನು ಅಳೆಯಲು ಆಗ ಯಾವ ಮುಚ್ಚಳವೂ ಸಾಲುತ್ತಿರಲಿಲ್ಲ.

ನಾಲ್ಕು ಗಂಟೆ ತಣ್ಣಗಾಗಿಸಿ, ಚಾಕು ಅಂಚಿಗೆ ಸುತ್ತು ಹೊಡೆಸಿ, ತಟ್ಟೆ ಮುಚ್ಚಿ ಬೋರಲು ಹಾಕಿದಾಗ ಅದು ಮೆಲ್ಲಗೆ ಇಳಿದು ನಿಂತಿತು. ಪಕ್ಕದಲ್ಲಿ ಎರಡು ಸಣ್ಣ ತೂತಿದ್ದವು, ಕೊನೆಗೆ ಉರಿ ಚೂರು ಜಾಸ್ತಿಯಾಗಿತ್ತು. ಒಡತಿ ಮೂರು ತುಂಡು ತಿಂದಳು. ಬಾಕಿ ಮೂವತ್ತಾರನ್ನೂ ನೀವೇ ಬರೆಯಿರಿ, ಆದರೆ ಹೆಸರು ಪರದೆಯ ಮೇಲೆ ಬರುವುದಿಲ್ಲ, ಜಾಗ ಇಲ್ಲ ಎಂದಳು. ಆಕೆ ಆಗಲಿ ಎಂದಳು. ಯಜಮಾನರು ಹದಿನೈದು ದಿನ ಸಿಕ್ಕಸಿಕ್ಕವರಿಗೆಲ್ಲ ಪಾಕ ತೆಗೆಯುವ ಬಗ್ಗೆ ಉಪದೇಶ ಮಾಡಿದರು.

ಹೊಸ ವಿಡಿಯೋ ಕಲಾವಿದೆಯ ದನಿಯಲ್ಲಿ ಹೊರಬಂದು ತಿಂಗಳಾಗಿರಬಹುದು. ಸಂಜೆ ಹಾಲಿನಂಗಡಿಯ ಮುಂದೆ ಆಕೆ ಸರದಿಯಲ್ಲಿ ನಿಂತಿದ್ದಳು. ಮುಂದೆ ಇಬ್ಬರು ಹೆಂಗಸರು, ಗುರುತಿಲ್ಲದವರು. ಒಬ್ಬಳು ಇನ್ನೊಬ್ಬಳಿಗೆ ಹೇಳಿಕೊಡುತ್ತಿದ್ದಳು. ಲೋಟದಲ್ಲಿ ಅಳೀಬೇಡ, ಅರ್ಧ ಲೀಟರ್ ಪ್ಯಾಕೆಟ್ ಪೂರ್ತಿ ಸುರಿ. ನೊರೆ ಏಳದ ಹಾಗೆ ಕದಡು. ಮುಚ್ಚಳಕ್ಕೆ ಬಟ್ಟೆ ಕಟ್ಟು. ನೀರು ಕುಣೀಬಾರದು, ಗುಳುಗುಳು ಅಂದ್ರೆ ಸಾಕು. ಒಂದು ಮಾತೂ ಹೆಚ್ಚುಕಡಿಮೆ ಇಲ್ಲದೆ, ಕೈ ಗಾಳಿಯಲ್ಲಿ ಬಾಣಲೆ ಓಲಾಡಿಸುತ್ತಾ ಹೇಳುತ್ತಿದ್ದಳು. ಹಿಂದೆ ನಿಂತಿದ್ದ ಆಕೆ ಒಂದು ಹೆಜ್ಜೆ ಮುಂದೆ ಸರಿದಳು. ಅಷ್ಟರಲ್ಲಿ ಹೇಳುತ್ತಿದ್ದವಳು ಮೊಟ್ಟೆ ಮೂರು ಎಂದಳು.

“ನಾಲ್ಕು” ಎಂದುಬಿಟ್ಟಳು ಆಕೆ.

ಇಬ್ಬರೂ ತಿರುಗಿ ನೋಡಿದರು. ಹೌದು, ನಾಲ್ಕೇ, ಮರೆತಿದ್ದೆ ಎಂದು ಹೇಳುತ್ತಿದ್ದವಳು ನಕ್ಕಳು. ಕೇಳುತ್ತಿದ್ದವಳಿಗೆ ಕುತೂಹಲ. ಎಷ್ಟು ಚೆನ್ನಾಗಿ ಹೇಳಿದೆ, ಇದನ್ನ ಯಾರು ಹೇಳಿಕೊಟ್ಟಿದ್ದು ಎಂದು ಗೆಳತಿಯನ್ನು ಕೇಳಿದಳು.

ಆಕೆ ಕತ್ತು ಮುಂದೆ ಚಾಚಿದಳು. ವಿಡಿಯೋ ಎನ್ನುತ್ತಾಳೆ, ಅಥವಾ ಆ ದನಿಯ ಕಲಾವಿದೆಯ ಹೆಸರು ಹೇಳುತ್ತಾಳೆ ಎಂದುಕೊಂಡಳು.

“ಯಾರು ಹೇಳಿಕೊಡ್ಬೇಕು?” ಎಂದಳು ಆ ಹೆಂಗಸು, ಪ್ಯಾಕೆಟ್ಟನ್ನು ಚೀಲಕ್ಕೆ ಹಾಕುತ್ತಾ. “ಮನೇಲಿ ಹಾಗೇ ಅಲ್ವಾ ಮಾಡೋದು.”

ಒಂದು ಗಳಿಗೆ ಆಕೆಗೆ ಚುರುಕ್ಕೆಂದಿತು. ಆಮೇಲೆ ಕಣ್ಣು ತುಂಬಿ ಬಂತು, ನಗುವೂ ಬಂತು, ಎರಡನ್ನೂ ತಡೆಯಲಾಗದೆ ಪಕ್ಕಕ್ಕೆ ಸರಿದು ನಿಂತಳು. ಅಂಗಡಿಯವನು ಎಷ್ಟು ಬೇಕಮ್ಮಾ ಎಂದು ಎರಡು ಸಲ ಕೇಳಿದ ಮೇಲೆ, ಸ್ವಲ್ಪ ಕೊಡಿ ಎಂದಳು.